ಎಂಟನೇ ದಿನಕ್ಕೇ ಸೀಟು ಫಿಕ್ಸು: ಕ್ಲಾಸಲ್ಲಿ ಯಾರೂ ಹೇಳ್ದೇ ಕಲಿಸೋ ಪಾಠ

ಪ್ರಶ್ನೆ: ಮೇಡಂ, ನಾನು ಮಂಡ್ಯದಲ್ಲಿ ಬಿಎ ಫೈನಲ್ ಇಯರ್, ಸೋಷಿಯಾಲಜಿ. ಹಿಡನ್ ಕರಿಕ್ಯುಲಂ ಬಗ್ಗೆ ಎಸ್ಸೇ ಬರೀಬೇಕು, ದಿನಚರಿ, ಸೀಟಿಂಗು, ಹೊಗಳೋದು ಇವುಗಳಿಂದ ಉದಾಹರಣೆ ಇರ್ಬೇಕಂತೆ. ನೋಟ್ಸಲ್ಲಿ ಬರೀ ಡೆಫಿನಿಷನ್ನೇ ಇದೆ. ನಮ್ಮ ಕಡೆ ಸ್ಕೂಲಿನ ಉದಾಹರಣೆ ಹಾಕಿದ್ರೆ ಒಪ್ತಾರಾ? ಹೆಂಗೆ ಬರೀಲಿ?

ಉತ್ತರ:

ಒಪ್ತಾರೆ ಕಣಮ್ಮ. ವ್ಯಾಲ್ಯುಯೇಷನ್‌ಗೆ ಕೂತೋರಿಗೆ ಅದೇ ಡೆಫಿನಿಷನ್ನು ಓದಿ ಓದಿ ಕಣ್ಣು ಮಂಜಾಗಿರುತ್ತೆ, ಮಧ್ಯದಲ್ಲಿ ಒಂದು ಪೇಪರಲ್ಲಿ ನಮ್ಮೂರ ಸ್ಕೂಲಿನ ಬೆಂಚು ಬಂದ್ರೆ ಅಲ್ಲಿ ಸ್ವಲ್ಪ ನಿಂತು ಓದ್ತಾರೆ, ನಾನೂ ಹಂಗೇ ಓದ್ತಿದ್ದೆ. ಆದ್ರೆ ಒಂದು ಮಾತು. ದಿನಚರಿಗೆ ಒಂದು ಪ್ಯಾರಾ, ಸೀಟಿಂಗಿಗೆ ಒಂದು ಪ್ಯಾರಾ, ಹೊಗಳಿಕೆಗೆ ಒಂದು ಪ್ಯಾರಾ ಅಂತ ಮೂರು ಡಬ್ಬಿ ಮಾಡಿ ಇಟ್ರೆ ಎಸ್ಸೇ ಸತ್ತೋಗುತ್ತೆ. ಸೀಟನ್ನ ನಡುಗಂಬ ಮಾಡ್ಕೋ, ಉಳಿದೆರಡನ್ನ ಅದಕ್ಕೆ ಆನಿಸು. ಯಾಕೆ ಸೀಟು ಅಂದ್ರೆ ಅದು ಕಣ್ಣಿಗೆ ಕಾಣುತ್ತೆ, ಎಣಿಸಬಹುದು, ಎದ್ದೋಗಿ ನೋಡಿ ಬರಬಹುದು.

ಮೊದಲು ಹೆಸರಿನ ವಿಷ್ಯ ಮುಗಿಸೋಣ. ಯಾರೂ ಪಾಠ ಅಂತ ಹೇಳ್ದೇನೇ ಸ್ಕೂಲು ಕಲಿಸಿಬಿಡೋದಕ್ಕೆ ಹಿಡನ್ ಕರಿಕ್ಯುಲಂ ಅನ್ನೋ ಮಾತನ್ನ ಚಾಲ್ತಿಗೆ ತಂದೋರು ಅಮೆರಿಕದ ಫಿಲಿಪ್ ಜಾಕ್ಸನ್, 1968ರಲ್ಲಿ. ನಮ್ಮ ಬಿಎಡ್ ಪುಸ್ತಕಗಳಲ್ಲಿ ಇದನ್ನ ಒಬ್ರು ಗುಪ್ತ ಪಠ್ಯಕ್ರಮ ಅಂತಾರೆ, ಇನ್ನೊಬ್ರು ಸುಪ್ತ ಪಠ್ಯಕ್ರಮ ಅಂತಾರೆ, ನೀನು ಯಾವ್ದಾದ್ರೂ ಒಂದು ಇಟ್ಕೋ, ಅರ್ಧದಲ್ಲಿ ಬದಲಾಯಿಸಬೇಡ. ನಂಗೆ ಸುಪ್ತ ಅನ್ನೋದು ಇಷ್ಟ, ಯಾಕಂದ್ರೆ ಇಲ್ಲಿ ಯಾರೂ ಬೇಕಂತ ಏನನ್ನೂ ಬಚ್ಚಿಡ್ತಾ ಇಲ್ಲ. ಜಾಕ್ಸನ್ ಪ್ರೈಮರಿ ಕ್ಲಾಸುಗಳಲ್ಲಿ ಸುಮ್ನೆ ಕೂತು ನೋಡಿ ಹೇಳಿದ್ದು ಇಷ್ಟು: ಮಗು ಸ್ಕೂಲಿಗೆ ಬಂದ್ರೆ ಲೆಕ್ಕ, ಓದು ಕಲಿಯೋದಕ್ಕಿಂತ ಮುಂಚೆ ಮೂರು ವಿಷ್ಯದ ಜೊತೆ ಏಗೋದು ಕಲೀಬೇಕು. ಗುಂಪಲ್ಲಿ ಇರೋದು, ಸದಾ ಯಾರೋ ಒಬ್ರು ನಮ್ಮನ್ನ ತೂಗ್ತಾ ಇರೋದು, ಮತ್ತೆ ಅಪ್ಪ ಅಮ್ಮ ಅಲ್ದೇ ಇರೋ ಒಬ್ರ ಮಾತಿಗೆ ತಲೆಬಾಗೋದು. ಗುಂಪು, ಹೊಗಳಿಕೆ, ಅಧಿಕಾರ. ನಿಂಗೆ ಕೊಟ್ಟಿರೋ ಮೂರು ಉದಾಹರಣೆಗಳೂ ಇದರೊಳಗೇ ಬರ್ತವೆ ನೋಡು.

ಈಗ ಇಲ್ಲಿ ತುಂಬಾ ಜನ ಮಾಡೋ ತಪ್ಪು ಹೇಳ್ಬಿಡ್ತೀನಿ. ಸ್ಪೋರ್ಟ್ಸ್ ಡೇ, ಸ್ಕೌಟ್ಸು, ಪ್ರತಿಭಾ ಕಾರಂಜಿ ಇದನ್ನೆಲ್ಲ ತಂದು ಹಿಡನ್ ಕರಿಕ್ಯುಲಂ ಅಂತ ಬರೀತಾರೆ. ಅದು ಸಹಪಠ್ಯ, ಅದಕ್ಕೆ ಸುತ್ತೋಲೆ ಇದೆ, ಟೈಂಟೇಬಲ್ ಇದೆ, ಅದರಲ್ಲಿ ಏನೂ ಸುಪ್ತ ಅಲ್ಲ. ಗೋಡೆ ಮೇಲೆ ಬರೆದಿರೋ "ಸತ್ಯವನ್ನೇ ನುಡಿ"ನೂ ಅಲ್ಲ, ಅದು ಬಹಿರಂಗ ಪಾಠ. ನಾನು ಹುಡುಗರಿಗೆ ಹೇಳ್ಕೊಡ್ತಿದ್ದ ಪರೀಕ್ಷೆ ಎರಡು ಪ್ರಶ್ನೆದು. ಇದನ್ನ ಕಲಿಸ್ತಾ ಇದೀರಾ ಅಂತ ಟೀಚರನ್ನ ಕೇಳಿದ್ರೆ ಇಲ್ಲ ಅಂತಾರಾ? ಅದೇ ವಿಷ್ಯವನ್ನ ಮಗೂನ ಕೇಳಿದ್ರೆ ತಡವರಿಸದೇ ಹೇಳುತ್ತಾ? ಎರಡಕ್ಕೂ ಹೌದು ಅಂತ ಬಂದ್ರೆ ಅದು ಸುಪ್ತ ಪಠ್ಯಕ್ರಮ. ಯಾವ ಐದನೇ ಕ್ಲಾಸಿನ ಮಗೂನಾದ್ರೂ "ನಿಮ್ ಕ್ಲಾಸಲ್ಲಿ ಯಾರ್ ಮುಂದೆ ಕೂರ್ತಾರಪ್ಪ" ಅಂತ ಕೇಳಿ ನೋಡು, ಉತ್ತರ ರೆಡಿ ಇರುತ್ತೆ, ಟೀಚರ್ ಮಾತ್ರ "ಹಂಗೇನಿಲ್ಲ ಮೇಡಂ, ಎತ್ತರ ನೋಡಿ ಕೂರಿಸ್ತೀವಿ" ಅಂತಾರೆ.

ಸೀಟಿನ ಬಗ್ಗೆ ನೀನು ಓದಲೇಬೇಕಾದ ಅಧ್ಯಯನ ಒಂದೇ ಒಂದು, ರೇ ರಿಸ್ಟ್ ಅನ್ನೋರು 1970ರಲ್ಲಿ ಪ್ರಕಟಿಸಿದ್ದು. ಸೇಂಟ್ ಲೂಯಿಸ್ ಅನ್ನೋ ಊರಲ್ಲಿ ಕಪ್ಪು ಜನರೇ ಇರೋ ಬಡಾವಣೆಯ ಒಂದು ಸ್ಕೂಲು, ಟೀಚರೂ ಕಪ್ಪು ಜನಾಂಗದೋರೇ, ಇದನ್ನ ಮರೀಬೇಡ ಯಾಕಂದ್ರೆ ಇದು ಬಿಳಿಯರು ಕರಿಯರು ಅನ್ನೋ ಕಥೆ ಅಲ್ಲ, ಒಂದೇ ಜನರ ಒಳಗಿನ ಬಡವ ಬಲ್ಲಿದ ಕಥೆ. ನಮ್ಮ ಯುಕೆಜಿ ಅಂತಿರೋ ಕ್ಲಾಸಲ್ಲಿ ಸ್ಕೂಲು ಶುರುವಾದ ಎಂಟನೇ ದಿನಕ್ಕೇ ಟೀಚರ್ ಮಕ್ಕಳಿಗೆ ಮೂರು ಟೇಬಲ್‌ನಲ್ಲಿ ಖಾಯಂ ಜಾಗ ಕೊಟ್ಬಿಟ್ಟಿದ್ರು. ಟೆಸ್ಟ್ ಯಾವ್ದೂ ಆಗಿರಲಿಲ್ಲ. ಅವರ ಕೈಲಿ ಇದ್ದಿದ್ದು ಮನೆ ಕಡೆಯ ಮಾಹಿತಿ, ಯಾರ ಮನೆಗೆ ಸರ್ಕಾರದ ನೆರವು ಬರುತ್ತೆ ಅನ್ನೋ ಪಟ್ಟಿ, ಅಣ್ಣ ಅಕ್ಕಂದಿರು ಹೆಂಗಿದ್ರು ಅನ್ನೋ ನೆನಪು, ಮತ್ತೆ ಕಣ್ಣೆದುರಿಗೆ ಮಗು ಹಾಕ್ಕೊಂಡು ಬಂದಿರೋ ಬಟ್ಟೆ, ಮೈ ವಾಸನೆ, ಮಾತಾಡೋ ಇಂಗ್ಲಿಷು. ಒಂದನೇ ಟೇಬಲ್ ಬೋರ್ಡಿನ ಹತ್ರ, ಟೀಚರ್ ಪಕ್ಕ. ಮಾತುಕತೆಯೆಲ್ಲ ಬಹುಪಾಲು ಆ ಟೇಬಲ್ ಜೊತೆಗೇ.

ಮುಂದಿನ ವರ್ಷ ಒಂದನೇ ಕ್ಲಾಸಲ್ಲಿ ಬೇರೆ ಟೀಚರ್ ಬಂದ್ರು, ಆದ್ರೂ ಮುಂದಿನ ಟೇಬಲ್‌ಗೆ ಹೋದೋರೆಲ್ಲ ಹಿಂದಿನ ವರ್ಷದ ಒಂದನೇ ಟೇಬಲ್ ಮಕ್ಕಳೇ, ಎರಡು ಮೂರನೇ ಟೇಬಲ್‌ನಿಂದ ಒಂದು ಮಗೂನೂ ಅಲ್ಲಿಗೆ ಏರಲಿಲ್ಲ. ಎರಡನೇ ಕ್ಲಾಸಿಗೆ ಬರೋಷ್ಟರಲ್ಲಿ ಗುಂಪುಗಳಿಗೆ ಹೆಸರೂ ಬಂದಿತ್ತು, ಟೈಗರ್ಸ್, ಕಾರ್ಡಿನಲ್ಸ್, ಕ್ಲೌನ್ಸ್. ಅಂದ್ರೆ ಹುಲಿ, ಒಂದು ಜಾತಿ ಹಕ್ಕಿ, ಆಮೇಲೆ ಕೋಡಂಗಿ. ಕೊನೇ ಟೇಬಲ್ ಮಕ್ಕಳಿಗೆ ಕೋಡಂಗಿ ಅಂತ ಹೆಸರಿಟ್ಟು ದಿನಾ ಹಂಗೇ ಕರೆಯೋದು ಅಂದ್ರೆ ನೀನೇ ಯೋಚ್ನೆ ಮಾಡು. ಈ ಅಧ್ಯಯನದಲ್ಲಿ ಎಲ್ಲರೂ ಓದಿ ದಾಟಿ ಹೋಗೋ ಜಾಗ ಒಂದಿದೆ. ಎರಡನೇ ಕ್ಲಾಸಿನ ಟೀಚರ್ ಮನಸ್ಸಿಗೆ ಬಂದಂಗೆ ಗುಂಪು ಮಾಡ್ಲಿಲ್ಲ, ಅವರ ಹತ್ರ ಮಾರ್ಕ್ಸ್ ಇತ್ತು. ಆದ್ರೆ ಆ ಮಾರ್ಕ್ಸು ಬಂದಿದ್ದು ಎರಡು ವರ್ಷ ಬೋರ್ಡಿಂದ ದೂರ ಕೂತು ಕಡಿಮೆ ಪಾಠ ಸಿಕ್ಕಿದ್ದಕ್ಕೆ. ಎಂಟನೇ ದಿನದ ಅಂದಾಜು ಎರಡು ವರ್ಷದಲ್ಲಿ ದಾಖಲೆ ಆಗೋಯ್ತು. ನಿನ್ನ ಎಸ್ಸೇಲಿ ಈ ತಿರುವನ್ನ ಬಿಡಿಸಿ ಬರೆದ್ರೆ ಅರ್ಧ ಕೆಲಸ ಮುಗೀತು.

ಇನ್ನು ನಮ್ಮ ಕಡೆಗೆ ಬರೋಣ. ರಿಟೈರ್ ಆಗೋಕೆ ಮುಂಚೆ ಮಂಡ್ಯ ಹತ್ರದ ಒಂದು ಹಿರಿಯ ಪ್ರಾಥಮಿಕ ಶಾಲೇಲಿ ಐದನೇ ತರಗತಿ ನೋಡೋಕೆ ಹೋಗ್ತಿದ್ದೆ, ಹೆಸರು ಬೇಡ, ಟೀಚರ್ ಒಳ್ಳೆಯೋರು, ಅವರೇ ಕರೆದು ಕೂರಿಸಿದ್ದು. 32 ಮಕ್ಕಳು, ಎರಡು ಸಾಲಲ್ಲಿ ನಾಲ್ಕು ನಾಲ್ಕು ಬೆಂಚು, ಬೆಂಚಿಗೆ ನಾಲ್ಕು ಜನ. ಅಂದ್ರೆ ಮುಂದಿನ ನಾಲ್ಕು ಬೆಂಚಲ್ಲಿ 16, ಹಿಂದಿನ ನಾಲ್ಕು ಬೆಂಚಲ್ಲಿ 16. ಒಂದು ಹಾಳೇಲಿ ಬೆಂಚಿನ ನಕ್ಷೆ ಬರ್ಕೊಂಡು 40 ನಿಮಿಷದ ಗಣಿತದ ಪೀರಿಯಡ್ಡಲ್ಲಿ ಟೀಚರ್ ಯಾವ ಮಗು ಹೆಸರು ಹಿಡಿದು ಕರೆದ್ರೂ ಆ ಜಾಗದಲ್ಲಿ ಒಂದು ಗೀಟು ಹಾಕ್ತಾ ಹೋದೆ. ಒಟ್ಟು 23 ಗೀಟು. 17 ಮುಂದೆ, 6 ಹಿಂದೆ. ಇಷ್ಟಾದ್ರೆ ಏನೂ ವಿಶೇಷ ಇಲ್ಲ. ಹಿಂದಿನ ಆರರಲ್ಲಿ ನಾಲ್ಕು ಪಾಠದ ಮಾತೇ ಅಲ್ಲ, "ಏಯ್ ಅಲ್ಲೇನೋ ನಿಂದು", "ನೆಟ್ಟಗೆ ಕೂತ್ಕೊ" ಅನ್ನೋವು. ಹಿಂದಿನ ಹದಿನಾರು ಮಕ್ಕಳಿಗೆ ಇಡೀ ಪೀರಿಯಡ್ಡಲ್ಲಿ ಹೆಸರು ಹಿಡಿದು ಕೇಳಿದ ಲೆಕ್ಕದ ಪ್ರಶ್ನೆ ಎರಡೇ ಎರಡು. ಹೆಸರು ಕರೆದ್ರೆ ಬೈಗುಳ ಬರುತ್ತೆ ಅನ್ನೋದು ಹಿಂದೆ ಕೂತೋರು ಕಲಿತ ಪಾಠ, ಹೆಸರು ಕರೆದ್ರೆ ಪ್ರಶ್ನೆ ಬರುತ್ತೆ ಅನ್ನೋದು ಮುಂದಿನೋರು ಕಲಿತಿದ್ದು.

ಹಿಂದೆ ಯಾರಿದ್ರು? ಟೀಚರ್ ಹೇಳಿದಂಗೆ ಎತ್ತರ ಇರೋರು ನಾಲ್ಕೈದು ಜನ ನಿಜ. ಉಳಿದೋರಲ್ಲಿ ಬಸ್ಸಲ್ಲಿ ಬಂದು ದಿನಾ ಪ್ರೇಯರ್‌ಗೆ ಲೇಟಾಗೋ ಮಕ್ಕಳು, ಕಬ್ಬು ಕಡಿಯೋಕೆ, ಆಲೆಮನೆ ಕೆಲಸಕ್ಕೆ ಅಂತ ಬಂದೋರ ಮಕ್ಕಳು. ಇವರು ಜೂನ್‌ನಲ್ಲಿ ಸೇರಿಲ್ಲ, ಸೀಸನ್ ಶುರುವಾದಾಗ ಸೇರಿರೋರು, ಅಷ್ಟರಲ್ಲಿ ಮುಂದಿನ ಬೆಂಚೆಲ್ಲ ತುಂಬೋಗಿರುತ್ತೆ, ಖಾಲಿ ಇರೋದು ಹಿಂದೆ, ಅಲ್ಲಿ ಕೂರು ಅಂತಾರೆ, ಅದು ಸಹಜ. ಇಲ್ಲಿ ಯಾರ ಮನಸ್ಸಲ್ಲೂ ಕೆಟ್ಟದ್ದಿಲ್ಲ, ಅದಕ್ಕೇ ಇದನ್ನ ತಾರತಮ್ಯ ಅನ್ನೋ ಹೆಸರಿಂದ ಶುರು ಮಾಡ್ಬೇಡ. ಬೇಕಂತ ಜಾತಿ ನೋಡಿ ದೂರ ಕೂರಿಸಿದ್ರೆ ಅದು ಅಪರಾಧ, ಅದಕ್ಕೆ ಕಾನೂನಿದೆ, ಬೇರೆ ಚರ್ಚೆ.

ದಿನಚರಿ ಇಲ್ಲಿ ಏನು ಮಾಡುತ್ತೆ ಅಂದ್ರೆ, ಆ ಸೀಟನ್ನ ನ್ಯಾಯವಾದದ್ದು ಅನ್ನಿಸೋ ಹಂಗೆ ಮಾಡುತ್ತೆ. ನಿಂಗೆ ನೆನಪಿರ್ಬೇಕು, ಮಿಸ್ ಆಫೀಸ್ ರೂಮಿಗೆ ಹೋದ ತಕ್ಷಣ ಲೀಡರ್ ಎದ್ದು ಬೋರ್ಡಿನ ಮೂಲೇಲಿ "ಮಾತಾಡಿದವರ ಹೆಸರು" ಅಂತ ಬರ್ದು ಕೆಳಗೆ ಗೆರೆ ಎಳೀತಿದ್ದ. ನಾನು ನೋಡಿದ ಕ್ಲಾಸಲ್ಲೂ ಅದೇ. ಲೀಡರ್ ಎರಡನೇ ಬೆಂಚಿನ ಹುಡುಗಿ. ಹೆಸರು ಬರ್ದ್ಮೇಲೂ ಮಾತಾಡಿದ್ರೆ ಪಕ್ಕದಲ್ಲಿ ಒಂದು ಇಂಟು ಮಾರ್ಕು, ಮತ್ತೆ ಮಾತಾಡಿದ್ರೆ ಇನ್ನೊಂದು. ಹನ್ನೊಂದು ನಿಮಿಷ ಟೀಚರ್ ಇರ್ಲಿಲ್ಲ, ಐದು ಹೆಸರು ಬಂತು, ಐದೂ ಹಿಂದಿನ ಬೆಂಚಿನೋವೇ, ಮುಂದಿನೋರು ಮಾತಾಡ್ಲಿಲ್ಲ ಅಂತಲ್ಲ, ಲೀಡರ್ ಪಕ್ಕ ಕೂರೋಳೇ ಗಂಟಲು ಒಣಗೋವಷ್ಟು ಮಾತಾಡಿದ್ಲು. ಮಧ್ಯದಲ್ಲಿ ಒಬ್ಬ ಹುಡುಗ ಮೆಲ್ಲಗೆ ಬಂದು ಒಂದು ಹೊಸ ರಬ್ಬರ್ ತೋರಿಸಿ "ಅಳ್ಸೆ, ಪ್ಲೀಸ್" ಅಂದ. ಅವಳು ಟೀಚರ್ ಬರೋ ದಾರಿ ಒಂದ್ಸಲ ನೋಡಿದ್ಲು, ಇಂಟು ಮಾರ್ಕ್ ಮಾತ್ರ ಅಳಿಸಿದ್ಲು, ಹೆಸರು ಹಂಗೇ ಬಿಟ್ಲು. ಹತ್ತು ವರ್ಷದ ಮಗೂಗೆ ಅಧಿಕಾರ ಎಷ್ಟು ಬಿಡಿಬಿಡಿಯಾಗಿ ಮಾರಬಹುದು ಅಂತ ಗೊತ್ತು! ಯಾವ ಪೌರನೀತಿ ಪುಸ್ತಕದಲ್ಲೂ ಈ ಪಾಠ ಇಲ್ಲ. ಟೀಚರ್ ವಾಪಸ್ ಬಂದು ಬೋರ್ಡ್ ನೋಡಿದಾಗ ಅವರಿಗೆ ಕಾಣಿಸಿದ್ದು ಏನು? ಹಿಂದಿನ ಬೆಂಚಿನೋರು ಗಲಾಟೆ ಅನ್ನೋದಕ್ಕೆ ಬರವಣಿಗೇಲಿ ಸಾಕ್ಷಿ. ರಿಸ್ಟ್ ಹೇಳಿದ ದಾಖಲೆ ನಮ್ಮಲ್ಲಿ ಸೀಮೆಸುಣ್ಣದಲ್ಲಿ ತಯಾರಾಗುತ್ತೆ.

ದಿನಚರಿದು ಇನ್ನೊಂದು ಉದಾಹರಣೆ ಇದೆ, ಸ್ವಲ್ಪ ಎಚ್ಚರದಿಂದ ಬಳಸ್ಬೇಕು. ಸ್ಕಾಲರ್‌ಶಿಪ್ ಅರ್ಜಿ ಬಂದಾಗ ಕೆಲವು ಕಡೆ ಟೀಚರ್ ರಿಜಿಸ್ಟರ್ ಹಿಡ್ಕೊಂಡು "ಎಸ್‌ಸಿ ಎಸ್‌ಟಿ ಮಕ್ಕಳು ಎದ್ದು ನಿಂತ್ಕೊಳಿ" ಅಂತಾರೆ, ಎಣಿಸ್ತಾರೆ, ಕೂರಿ ಅಂತಾರೆ, ಎರಡು ನಿಮಿಷದ ಕೆಲಸ. ಉದ್ದೇಶ ಒಳ್ಳೇದೇ, ಮಕ್ಕಳಿಗೆ ದುಡ್ಡು ಬರ್ಲಿ ಅಂತ. ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಅನ್ನೋರು ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಆರು ನೂರಕ್ಕೂ ಹೆಚ್ಚು ಹುಡುಗರ ಜೊತೆ ಒಂದು ಪ್ರಯೋಗ ಮಾಡಿದ್ರು, 2004ರ ಹೊತ್ತಿಗೆ ವರದಿ ಬಂತು. ಕಾಗದದ ಮೇಲೆ ದಾರಿ ಹುಡುಕೋ ಪಜಲ್ ಬಿಡಿಸ್ಬೇಕು, ಬಿಡಿಸಿದಷ್ಟು ದುಡ್ಡು. ಯಾರ ಜಾತಿನೂ ಹೇಳ್ದೇ ಇದ್ದಾಗ ಮೇಲುಜಾತಿ ಕೆಳಜಾತಿ ಅಂತ ಕರೆಸ್ಕೊಳೋ ಹುಡುಗರ ಮಧ್ಯೆ ಲೆಕ್ಕಕ್ಕೆ ಬರೋ ವ್ಯತ್ಯಾಸ ಇರ್ಲಿಲ್ಲ. ಎಲ್ಲರ ಮುಂದೆ ಹೆಸರಿನ ಜೊತೆ ಜಾತಿ ಓದಿ ಹೇಳಿದಾಗ ಕೆಳಜಾತಿ ಹುಡುಗರು ಬಿಡಿಸಿದ ಪಜಲ್ ಕಡಿಮೆ ಆಯ್ತು. ಅದೇ ಹುಡುಗರು, ಅದೇ ಪಜಲ್ಲು, ಕೂಗಿ ಹೇಳಿದ್ದೊಂದೇ ಬೇರೆ. ಇದು ಕ್ಲಾಸ್‌ರೂಮಿನ ದಿನಚರಿಯ ಅಧ್ಯಯನ ಅಲ್ಲ, ಪ್ರಯೋಗ, ಹುಡುಗರು ಮಾತ್ರ ಇದ್ರು, ಅಷ್ಟನ್ನ ಹೇಳಿ ಬಳಸು. "ನಮ್ಮ ಸ್ಕೂಲಲ್ಲೂ ಹಂಗೇ ಆಗುತ್ತೆ ಅಂತ ಸಾಬೀತಾಗಿದೆ" ಅಂತ ಬರೀಬೇಡ.

ಇನ್ನು ಹೊಗಳಿಕೆ. ಇದರಲ್ಲಿ ಎಷ್ಟು ಸಲ ಹೊಗಳಿದ್ರು ಅನ್ನೋದಕ್ಕಿಂತ ಯಾವುದಕ್ಕೆ ಹೊಗಳಿದ್ರು ಅನ್ನೋದು ಮುಖ್ಯ, ಎಸ್ಸೇ ಬರೆಯೋರು ಬರೀ ಎಣಿಸಿ ನಿಲ್ಲಿಸ್ಬಿಡ್ತಾರೆ. ಅವತ್ತು ಆ ಪೀರಿಯಡ್ಡಲ್ಲಿ ಒಂಬತ್ತು ಸಲ ಹೊಗಳಿದ್ದು, ಏಳು ಮುಂದಿನ ಬೆಂಚಿಗೆ, ಅದು ನಿರೀಕ್ಷಿಸಿದ್ದೇ. ಮಾತುಗಳನ್ನೇ ಬರ್ಕೊಂಡು ನೋಡಿದಾಗ ಬೇರೆ ಏನೋ ಕಂಡಿತು. ಹುಡುಗರಿಗೆ ಟೀಚರ್ "ಭೇಷ್, ತಲೆ ಓಡಿಸ್ತೀಯ ಕಣೋ" ಅಂತಿದ್ರು. ಹುಡುಗೀರಿಗೆ "ಎಷ್ಟ್ ನೀಟಾಗಿ ಬರ್ದಿದಾಳೆ ನೋಡ್ರೋ", "ಗೆರೆ ಹಾಕಿರೋದು ನೋಡಿ ಕಲೀರಿ". ಲೆಕ್ಕ ಇಬ್ರದ್ದೂ ಸರಿಯಾಗಿತ್ತು. ಕ್ಯಾರಲ್ ಡ್ವೆಕ್ ಮತ್ತೆ ಜೊತೆಗಾರರು 1978ರಲ್ಲಿ ನಾಲ್ಕನೇ ಮತ್ತೆ ಐದನೇ ಕ್ಲಾಸುಗಳಲ್ಲಿ ಕೂತು ಇದನ್ನೇ ವಿಂಗಡಿಸಿದ್ರು. ಹುಡುಗರಿಗೆ ಬೈಗುಳ ಜಾಸ್ತಿ ಬೀಳ್ತಿತ್ತು, ಆದ್ರೆ ಅದರಲ್ಲಿ ದೊಡ್ಡ ಪಾಲು ಅಕ್ಷರ ಚೆನ್ನಾಗಿಲ್ಲ, ಗಲಾಟೆ ಅನ್ನೋದಕ್ಕೆ. ಹುಡುಗೀರ ಕೆಲಸದಲ್ಲಿ ತಪ್ಪು ಹಿಡಿದಾಗ ಅದು ಹೆಚ್ಚೂಕಮ್ಮಿ ಯಾವಾಗ್ಲೂ ಉತ್ತರ ತಪ್ಪು ಅನ್ನೋದಕ್ಕೇ. ಪರಿಣಾಮ ಯೋಚ್ನೆ ಮಾಡು. ಹುಡುಗ ಸೋತ್ರೆ "ಮಿಸ್‌ಗೆ ನನ್ನ ಕಂಡ್ರೆ ಆಗಲ್ಲ" ಅಂತ ಕೊಡವ್ಕೊಂಡು ಹೋಗಬಹುದು, ಹುಡುಗಿಗೆ ಆ ದಾರಿ ಇಲ್ಲ, ಒಳ್ಳೆ ಹುಡುಗಿ ಅಂತ ಮೊದಲೇ ಹೇಳಿಸ್ಕೊಂಡಿದಾಳೆ, ಹಂಗಾಗಿ ತಪ್ಪಾಗಿದ್ರೆ ತನ್ನ ತಲೇನೇ ಇಲ್ಲ ಅಂದ್ಕೋತಾಳೆ. ಹಿಂದಿನ ಬೆಂಚಿಗೆ ಸಿಕ್ಕಿದ ಎರಡು ಹೊಗಳಿಕೆ ಯಾವ್ದಕ್ಕೆ ಗೊತ್ತಾ? ಒಂದು ಕಸ ಆರಿಸಿದ್ದಕ್ಕೆ, ಇನ್ನೊಂದು ಬಿಸಿಯೂಟದ ತಟ್ಟೆ ಜೋಡಿಸಿಟ್ಟಿದ್ದಕ್ಕೆ. ಗಣಿತದ ಪೀರಿಯಡ್ಡು ಅದು.

ಈಗ ನಿನ್ನ ಎಗ್ಸಾಮಿನರ್ ಕೇಳೋ ಪ್ರಶ್ನೆ ಬರುತ್ತೆ: ಸೀಟಿಂದ ಮಗು ಹಿಂದೆ ಬಿತ್ತಾ, ಹಿಂದೆ ಬಿದ್ದ ಮಗು ಹಿಂದಿನ ಸೀಟಿಗೆ ಹೋಯ್ತಾ? ಒಂದು ದಿನ ಕೂತು ನೋಡಿದ್ರೆ ಇದಕ್ಕೆ ಉತ್ತರ ಸಿಗಲ್ಲ. ನಾನು ಆ ಟೀಚರ್‌ಗೆ ನನ್ನ ಹಾಳೆ ತೋರಿಸ್ದೆ, ಅವರಿಗೆ ಬೇಜಾರಾಯ್ತು, ಆಮೇಲೆ ಅವರೇ ಸೋಮವಾರ ಸೋಮವಾರ ಒಂದೊಂದು ಬೆಂಚು ಹಿಂದಕ್ಕೆ ಸರಿಯೋ ಹಂಗೆ ಮಾಡಿದ್ರು, ಕೊನೇ ಬೆಂಚಿನೋರು ಮುಂದಕ್ಕೆ. ಎರಡು ಸಲ ಹಂಗೆ ಸರಿದ್ಮೇಲೆ ಹೋಗಿ ಮತ್ತೆ ಗೀಟು ಹಾಕಿದೆ. ಒಟ್ಟು 26. ಮುಂದೆ ಬಂದಿದ್ದ ಹಳೇ ಹಿಂದಿನೋರಿಗೆ ಪಾಠದ ಪ್ರಶ್ನೆ 9, ಮುಂಚೆ ಬರೀ 2 ಇದ್ದಿದ್ದು. ಅಂದ್ರೆ ಜಾಗಕ್ಕೆ ಶಕ್ತಿ ಇದೆ. ಆದ್ರೆ ಹಿಂದಕ್ಕೆ ಹೋಗಿದ್ದ ಹಳೇ ಮುಂದಿನೋರಿಗೆ 14 ಬಂದಿತ್ತು, ಅವರು ಅಲ್ಲಿಂದಲೇ ಕೈ ಎತ್ತೋರು, ಟೀಚರ್ ಕಣ್ಣೂ ಅಭ್ಯಾಸದಿಂದ ಅಲ್ಲಿಗೇ ಹೋಗೋದು. ಉಳಿದ ಮೂರು ಗಲಾಟೆ ಬೈಗುಳ. ಒಂದು ಕ್ಲಾಸು, ಎರಡು ಪೀರಿಯಡ್ಡು, ಇದರಿಂದ ರೂಲ್ ಮಾಡೋಕಾಗಲ್ಲ, ಆದ್ರೆ ಜಾಗನೂ ಕೆಲಸ ಮಾಡುತ್ತೆ, ಜಾಗದ ನೆನಪೂ ಕೆಲಸ ಮಾಡುತ್ತೆ ಅಂತ ಬೇರೆ ಬೇರೆ ಮಾಡಿ ತೋರಿಸೋಕೆ ಸಾಕು. ಆಲೆಮನೆ ಕಡೆಯ ಒಂದು ಹುಡುಗಿ ಮುಂದಿನ ಬೆಂಚಿಗೆ ಬಂದು ವಾರ ಆಗಿತ್ತು, ಅವಳ ಬ್ಯಾಗ್ ಮಾತ್ರ ಇನ್ನೂ ಕೊನೇ ಬೆಂಚಿನ ಕೆಳಗೇ ಇರ್ತಿತ್ತು, ಪುಸ್ತಕ ಬೇಕಾದಾಗೆಲ್ಲ ಎದ್ದು ಹೋಗಿ ತರ್ತಿದ್ಲು.

ಹೋಲಿಕೆಗೆ ಬೇರೆ ಜೋಡಣೆ ಬೇಕಂದ್ರೆ ನಮ್ಮ ಹತ್ರಾನೇ ಇದೆ, ನಲಿಕಲಿ. 1995ರಲ್ಲಿ ಶುರುವಾಗಿದ್ದು ನಮ್ಮ ಮೈಸೂರು ಜಿಲ್ಲೆ ಎಚ್.ಡಿ. ಕೋಟೆ ತಾಲ್ಲೂಕಲ್ಲೇ, ಆಂಧ್ರದ ರಿಷಿವ್ಯಾಲಿ ಮಾದರಿ ನೋಡ್ಕೊಂಡು. ಅಲ್ಲಿ ಮಕ್ಕಳು ನೆಲದ ಮೇಲೆ ಸುತ್ತ ಕೂರ್ತಾರೆ, ಪಾಠದ ಮೆಟ್ಟಿಲುಗಳನ್ನ ತೋರಿಸೋ ಕಲಿಕಾ ಏಣಿ ನೋಡಿ ತಮ್ಮ ಕಾರ್ಡ್ ತಾವೇ ತಗೋತಾರೆ, ಟೀಚರ್ ಸಹಾಯ ಬೇಕಿರೋ ಗುಂಪು, ಗೆಳೆಯರ ಸಹಾಯದ ಗುಂಪು, ತಾನೇ ಮಾಡೋ ಗುಂಪು ಅಂತ ಚಟುವಟಿಕೆಗೆ ತಕ್ಕಂಗೆ ಜಾಗ ಬದಲಾಗುತ್ತೆ. ಅಲ್ಲಿ ಟೀಚರ್ ಹತ್ರ ಕೂರೋದು ಜಾಣ ಅನ್ನೋದರ ಗುರುತಲ್ಲ, ಈಗ ಹೊಸದು ಕಲೀತಿದೀನಿ ಅನ್ನೋದರ ಗುರುತು. ಸುಪ್ತ ಪಠ್ಯಕ್ರಮ ಅಲ್ಲೂ ಇದೆ, ಬೇರೆ ಥರದ್ದು, ಏಣಿಯಲ್ಲಿ ಯಾರು ಎಷ್ಟು ಮೇಲಿದಾರೆ ಅನ್ನೋದು ಗೋಡೆ ಮೇಲೇ ಇರುತ್ತಲ್ಲ. ಚಿಕ್ಕ ಕ್ಲಾಸುಗಳಲ್ಲಿ ಹಂಗೆ ಸುತ್ತ ಕೂತ ಮಗು ನಲಿಕಲಿ ಮುಗಿಸಿ ಮುಂದಿನ ಕ್ಲಾಸಿಗೆ ಬಂದ ತಕ್ಷಣ ಬೆಂಚಿನ ಸಾಲಿಗೆ ಬೀಳುತ್ತೆ. ಆ ಜೂನ್ ತಿಂಗಳ ಮೊದಲ ಎರಡು ವಾರ ಯಾರಾದ್ರೂ ಕೂತು ನೋಡ್ಬೇಕು ಅಂತ ನಂಗೆ ಯಾವಾಗ್ಲೂ ಅನ್ಸೋದು, ನಾನು ಮಾಡ್ಲಿಲ್ಲ.

ಥಿಯರಿ ಎಷ್ಟು ಬೇಕೋ ಅಷ್ಟು ಹಾಕು. ರಾಬರ್ಟ್ ಡ್ರೀಬೆನ್ 1968ರಲ್ಲಿ ಹೇಳಿದ್ದು, ಇದೆಲ್ಲ ಮನೆಯಿಂದ ದೊಡ್ಡ ಸಮಾಜಕ್ಕೆ ಹೋಗೋಕೆ ಬೇಕಾದ ತಯಾರಿ, ತನ್ನ ಕೆಲಸ ತಾನೇ ಮಾಡೋದು, ಎಲ್ಲರಿಗೂ ಒಂದೇ ನಿಯಮ ಅನ್ನೋದು ಸ್ಕೂಲಲ್ಲಿ ಕಲಿತೀವಿ ಅಂತ. ಬೌಲ್ಸ್ ಮತ್ತು ಗಿಂಟಿಸ್ 1976ರಲ್ಲಿ, ಇದು ಫ್ಯಾಕ್ಟರಿಗೆ ತಯಾರಿ, ಬೆಲ್ಲು, ಸಾಲು, ಅಪ್ಪಣೆ ಎಲ್ಲ ಅಲ್ಲಿನ ನಕಲು ಅಂದ್ರು. ಬೋರ್ಡಿನ ಮೂಲೆಯ ಹೆಸರು ಪಟ್ಟಿಯನ್ನ ಇಬ್ರ ಮುಂದೂ ಇಟ್ಟು ನೋಡು. ಡ್ರೀಬೆನ್ ಲೆಕ್ಕದಲ್ಲಿ ಅದು ಎಲ್ಲರಿಗೂ ಒಂದೇ ನಿಯಮ ಆಗ್ಬೇಕಿತ್ತು, ಆದ್ರೆ ಲೀಡರ್ ಪಕ್ಕ ಕೂರೋಳ ಹೆಸರು ಬರ್ಲೇ ಇಲ್ಲ. ಬೌಲ್ಸ್ ಗಿಂಟಿಸ್ ಲೆಕ್ಕದಲ್ಲಿ ಅದು ಮೇಸ್ತ್ರಿ ಕೆಲಸದ ತರಬೇತಿ, ಅದು ಚೆನ್ನಾಗಿ ಕೂರುತ್ತೆ, ಆದ್ರೆ ರಬ್ಬರ್ ತಂದ ಹುಡುಗನನ್ನ ಅವರ ಲೆಕ್ಕ ಹಿಡಿಯಲ್ಲ, ಅವನು ಸುಮ್ನೆ ತಲೆಬಾಗಲಿಲ್ಲ, ಚೌಕಾಸಿ ಮಾಡ್ದ. ಅಲ್ಲಿಗೆ ಪಾಲ್ ವಿಲ್ಲಿಸ್ ಬೇಕು, 1977, ಇಂಗ್ಲೆಂಡಿನ ಕೂಲಿಕಾರರ ಮನೆಯ ಹನ್ನೆರಡು ಹುಡುಗರು ಸ್ಕೂಲನ್ನ ಗೇಲಿ ಮಾಡ್ತಾ ಮಾಡ್ತಾನೇ ಕೂಲಿ ಕೆಲಸಕ್ಕೆ ಹೋಗಿ ಸೇರಿದ ಕಥೆ. ನಮ್ಮ ಲಾಸ್ಟ್ ಬೆಂಚ್ ಹುಡುಗರ ಹೆಮ್ಮೆಗೂ ಅದೇ ಎರಡು ಮುಖ.

ನೀನೂ ಒಂದು ಪೀರಿಯಡ್ ಕೂತು ಬಂದ್ರೆ ಚೆನ್ನ. ಹೆಡ್‌ಮಾಸ್ಟರ್ ಹತ್ರ ಪರ್ಮಿಷನ್ ತಗೋ, ಟೀಚರ್‌ಗೂ ಹೇಳು, ಮಕ್ಕಳ ಹೆಸರು ಬರೀಬೇಡ, ಬೆಂಚು ನಂಬರ್ ಸಾಕು. ನಕ್ಷೆ ಮೇಲೆ ಪಾಠದ ಪ್ರಶ್ನೆಗೆ ಒಂದು ಗುರುತು, ಶಿಸ್ತಿನ ಮಾತಿಗೆ ಇನ್ನೊಂದು, ಹೊಗಳಿದ್ರೆ ಮಾತನ್ನೇ ಪೂರ್ತಿ ಬರ್ಕೋ. ಮೊದಲ ಹದಿನೈದು ನಿಮಿಷ ಬಿಟ್ಬಿಡು, ಹೊಸಬರು ಕೂತಿದಾರೆ ಅಂತ ಟೀಚರೂ ಮಕ್ಕಳೂ ನಾಟಕ ಮಾಡ್ತಾರೆ, ಆಮೇಲೆ ಮರೀತಾರೆ. ಎತ್ತರ, ಕಣ್ಣು ಕಾಣ್ದೇ ಇರೋದು, ಲೇಟಾಗಿ ಬರೋದು ಇವನ್ನೂ ಕೇಳಿ ಬರ್ಕೋ, ಇಲ್ಲಾಂದ್ರೆ ಕನ್ನಡಕ ಹಾಕ್ಕೊಂಡಿರೋ ಮಗು ಮುಂದೆ ಕೂತಿದ್ದನ್ನೂ ನೀನು ವರ್ಗಭೇದ ಅಂತ ಬರ್ದು ಬರ್ತೀಯ.